ಪರದೆ ಕಾಯುವ ಕೆಲಸ ಯಂತ್ರಕ್ಕಿರಲಿ, ಆದರೆ...

ಈಚೆಗೆ ಪುತ್ತೂರಿನ ಕಾಲೇಜೊಂದರ ಫೈನಾನ್ಸ್ ಕ್ಲಬ್‌ನಲ್ಲಿ ಮಾತನಾಡಲು ಹೋಗಿದ್ದೆ. ಸುಳ್ಯ, ಕಡಬ ಕಡೆಯಿಂದ ಬಸ್ಸಿನಲ್ಲಿ ಬರುವವರೂ ಅಲ್ಲಿದ್ದರು. "ಕ್ಲಾಸ್ ನಡೆಯುವಾಗ ಷೇರು ಬೆಲೆ ನೋಡುವವರು ಯಾರ್‍ಯಾರು?" ಎಂದು ಕೇಳಿದೆ. ಒಂದೊಂದಾಗಿ ಕೈಗಳು ಮೇಲೆದ್ದವು. ಮಾರುಕಟ್ಟೆ ತೆರೆದಿರುವುದು ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಕಾಲೇಜಿನ ಹೊತ್ತೂ ಹೆಚ್ಚುಕಡಿಮೆ ಅದೇ.

ಬೋರ್ಡಿನಲ್ಲಿ ಒಂದು ಲೆಕ್ಕ ಬರೆದೆ. 200 ರೂಪಾಯಿಯಂತೆ 100 ಷೇರು ಕೊಂಡಿದ್ದೀರಿ. 184ಕ್ಕೆ ಇಳಿದರೆ ಮಾರಬೇಕೆಂದು ಮೊದಲೇ ನಿರ್ಧರಿಸಿದ್ದೀರಿ. ಪರದೆ ನೋಡುತ್ತ ಕುಳಿತವನಿಗೆ 184 ಬಂದಾಗ ಕೈ ಏಳುವುದಿಲ್ಲ. "ಇನ್ನು ಸ್ವಲ್ಪ ಹೊತ್ತು ನೋಡುವ" ಅನ್ನಿಸುತ್ತದೆ. ಅದರ ಬದಲು ಬ್ರೋಕರ್ ಆ್ಯಪ್‌ನಲ್ಲಿ ಜಿಟಿಟಿ ಆದೇಶ ಇಡಬಹುದು: ಟ್ರಿಗರ್ 184, ಮಾರುವ ಕನಿಷ್ಠ ಬೆಲೆ 183. ಬೆಲೆ ಕಾಯುವುದು ಬ್ರೋಕರ್‌ನ ಸರ್ವರ್. ಘಾಟಿಯಲ್ಲಿ ನಿಮ್ಮ ಫೋನಿನ ಸಿಗ್ನಲ್ ಹೋದರೂ ತೊಂದರೆಯಿಲ್ಲ. 183ಕ್ಕೆ ಮಾರಿದರೆ ನಷ್ಟ 1,700 ರೂಪಾಯಿ.

"ಹಾಗಾದರೆ 1,700ಕ್ಕಿಂತ ಹೆಚ್ಚು ಹೋಗುವುದೇ ಇಲ್ವಾ ಅಣ್ಣ?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ.

ಹೋಗುತ್ತದೆ. ರಾತ್ರಿ ಕೆಟ್ಟ ಸುದ್ದಿ ಬಂದು ಮರುದಿನ ಬೆಲೆ ನೇರ 165ಕ್ಕೆ ತೆರೆದರೆ ಟ್ರಿಗರ್ ಆಗುತ್ತದೆ, ಆದರೆ 183 ಕೊಟ್ಟು ಕೊಳ್ಳುವವರು ಇರುವುದಿಲ್ಲ. ಬೆಲೆ ಮತ್ತೆ ಏರದಿದ್ದರೆ ಆದೇಶ ಸಂಜೆಗೆ ರದ್ದು, ಷೇರು ನಿಮ್ಮಲ್ಲೇ. ಕನಿಷ್ಠ ಬೆಲೆಯನ್ನು 160 ಎಂದು ಬರೆದಿದ್ದರೆ ಸುಮಾರು 165ಕ್ಕೆ ಮಾರಾಟವಾಗುತ್ತಿತ್ತು, ನಷ್ಟ 3,500. ಯೆಸ್ ಬ್ಯಾಂಕ್‌ನ ಉದಾಹರಣೆ ಕೊಟ್ಟೆ. 2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿತು. ಅಂದು 36 ರೂಪಾಯಿ ದಾಟಿದ್ದ ಷೇರು ಮರುದಿನ ಒಂದು ಹಂತದಲ್ಲಿ 6 ರೂಪಾಯಿಗೂ ಕೆಳಗಿಳಿಯಿತು. ಅಂಥ ದಿನ ಯಂತ್ರ ಬರೆದ ಬೆಲೆಯನ್ನು ಕೊಡಿಸಲಾರದು. ನಷ್ಟಕ್ಕೆ ನಿಜವಾದ ಮಿತಿ ನೀವು ಎಷ್ಟು ಷೇರು ಕೊಂಡಿರಿ ಎಂಬುದೇ.

ಇನ್ನೊಂದು ಮಿತಿಯೂ ಇದೆ. 2021ರ ಫೆಬ್ರವರಿ 24ರಂದು ತಾಂತ್ರಿಕ ದೋಷದಿಂದ ಎನ್‌ಎಸ್‌ಇ ವಹಿವಾಟು 11.40ಕ್ಕೆ ನಿಂತು, ಮತ್ತೆ ಶುರುವಾದದ್ದು 3.45ಕ್ಕೆ. ಅಷ್ಟು ಹೊತ್ತು ಯಾವ ಅಲರ್ಟ್ ಬಂದೀತು? ಸಂದೇಶ ಬಂದಿಲ್ಲವೆಂದರೆ ಬೆಲೆ ಕುಸಿದಿಲ್ಲ ಎಂದೇ ಅರ್ಥವಲ್ಲ. ಕಾಯುವ ಯಂತ್ರವೇ ನಿಂತಿರಬಹುದು.

ಆದ್ದರಿಂದ ಸಂಜೆ ಬಸ್ಸಿನಲ್ಲಿ ಎರಡು ನಿಮಿಷ ಸಾಕು: ಆದೇಶ ಇನ್ನೂ ಜಾರಿಯಲ್ಲಿದೆಯೇ, ಟ್ರಿಗರ್ ಆಗಿದ್ದರೆ ಷೇರು ನಿಜಕ್ಕೂ ಮಾರಾಟವಾಯಿತೇ ನೋಡಿ. ಉಳಿದ ಹೊತ್ತು ಫೋನ್ ಬ್ಯಾಗಿನಲ್ಲಿರಲಿ.