‘ಹಚ್ಚದ’ ದೀಪವನ್ನು ನಾನು ಹಚ್ಚಿದ ಕಥೆ

ಕಳೆದ ತಿಂಗಳ ಕನ್ನಡ ಕಿರುಪರೀಕ್ಷೆಯಲ್ಲಿ ಒಂದು ಚಿಕ್ಕ ಪದ್ಯಭಾಗ ಕೊಟ್ಟು, ಅದರ ಕೆಳಗೆ ಸರಿ ಉತ್ತರ ಆರಿಸುವ ನಾಲ್ಕು ಪ್ರಶ್ನೆಗಳನ್ನು ಕೇಳಿದ್ದರು. ನನಗೆ ನಾಲ್ಕಕ್ಕೆ ಒಂದು ಅಂಕ ಬಂತು. ಲೆಕ್ಕಶಾಸ್ತ್ರದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ನಿದ್ದೆ ಮಾಡದವಳು ನಾನು. “ಮನೆಯಲ್ಲಿ ಉರ್ದು ಮಾತಾಡುವವರಿಗೆ ಕನ್ನಡ ಪದ್ಯ ಕಷ್ಟವೇ” ಎಂದು ಗೆಳತಿ ಸಮಾಧಾನ ಹೇಳಿದಳು. ಆ ಸಮಾಧಾನ ಅಂಕಕ್ಕಿಂತ ಹೆಚ್ಚು ಚುಚ್ಚಿತು. ಹಾಗಾಗಿ ಉತ್ತರಪತ್ರಿಕೆ ಹಿಡಿದು ಕನ್ನಡ ಉಪನ್ಯಾಸಕರ ಹತ್ತಿರ ಹೋದೆ. ಪದ್ಯ ಅವರೇ ಪರೀಕ್ಷೆಗಾಗಿ ಬರೆದದ್ದು:

ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ
ಬೆಚ್ಚನೆಯ ಬಿಸಿಲು ಬಂದು ಕೂತಿದೆ;
ಎಚ್ಚರದ ಬೀಗ, ತುಕ್ಕಿನ ಕಣ್ಣಲ್ಲಿ,
ಹಚ್ಚದ ದೀಪದಂತೆ ದಾರಿ ಕಾಯುತಿದೆ.

ಮೊದಲ ಪ್ರಶ್ನೆ ಪದ್ಯದ ಆಶಯದ ಬಗ್ಗೆ. ಆಯ್ಕೆಗಳು: ಬೇಸಿಗೆಯ ವರ್ಣನೆ, ವ್ಯಾಪಾರದ ನಷ್ಟಕ್ಕೆ ಕಾರಣ, ನಿಂತುಹೋದ ಬದುಕಿನ ಕಾಯುವಿಕೆ, ಪ್ರಾಮಾಣಿಕತೆಯ ಮಹತ್ವ. ನಾನು ಎರಡನೆಯದನ್ನು ಬರೆದಿದ್ದೆ. ಎರಡನೆಯ ಪ್ರಶ್ನೆ, ಪದ್ಯದ ಪ್ರಧಾನ ಭಾವ ಯಾವುದು? ಸಂತೋಷ, ಭಯ, ವಿಷಾದ, ಕೋಪ. ನಾನು ‘ಸಂತೋಷ’ ಬರೆದಿದ್ದೆ.

“ಏನಮ್ಮಾ, ಸಂತೋಷ ಎಲ್ಲಿ ಕಂಡಿತು ನಿನಗೆ?” ಎಂದು ಸರ್ ಕೇಳಿದರು. ಬೆಚ್ಚನೆಯ ಬಿಸಿಲು ಇದೆ, ಹಚ್ಚಿದ ದೀಪ ಇದೆ ಅಂದೆ. “ನಾಲ್ಕನೆಯ ಸಾಲನ್ನು ಗಟ್ಟಿಯಾಗಿ ಓದು” ಅಂದರು. ಓದಿದಾಗಲೇ ತಿಳಿದದ್ದು, ಅದು ‘ಹಚ್ಚಿದ’ ಅಲ್ಲ, ‘ಹಚ್ಚದ’. ಒಂದು ಗುಡಿಸು ಇಲ್ಲದಿದ್ದರೆ ಉರಿಯುವ ದೀಪ ಉರಿಯದ ದೀಪವಾಗುತ್ತದೆ. ಮಾಡಿದ–ಮಾಡದ, ಬಂದ–ಬಾರದ, ಹೀಗೆ ಕನ್ನಡದಲ್ಲಿ ‘ಇಲ್ಲ’ ಎಂಬುದು ಪದದ ಒಳಗೇ ಅಡಗಿ ಕೂತಿರುತ್ತದೆ. ಉರ್ದುವಿನಲ್ಲಾದರೆ ‘ನ’ ಅಥವಾ ‘ನಹೀ’ ಎಂದು ಬೇರೆ ಪದವೇ ಬರುವುದರಿಂದ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮನೆಯಲ್ಲಿ ಕನ್ನಡವನ್ನೇ ಮಾತಾಡುವ ಇಬ್ಬರು ಕೂಡ ಇದೇ ತಪ್ಪು ಮಾಡಿದ್ದರು ಎಂದು ಸರ್ ಹೇಳಿದರು. ಅಂದರೆ ಇದು ಮನೆಮಾತಿನ ತಪ್ಪಲ್ಲ, ಅವಸರದ್ದು.

ನನ್ನ ಇನ್ನೊಂದು ತಪ್ಪು ಮಾತ್ರ ನಿಜವಾಗಿಯೂ ಭಾಷೆಯದು. ‘ಕಾಯು’ ಎಂದರೆ ಕಾವಲು ಎಂದಷ್ಟೇ ನನಗೆ ಗೊತ್ತಿತ್ತು. ಬೀಗ ದಾರಿಯನ್ನು ಕಾವಲು ಕಾಯುತ್ತಿದೆ, ಎಚ್ಚರವಾಗಿದೆ, ಎಲ್ಲ ಕ್ಷೇಮ ಎಂದುಕೊಂಡೆ. ಆದರೆ ‘ದಾರಿ ಕಾಯುವುದು’ ಎಂದರೆ ನಮ್ಮ ಅಮ್ಮಿ ಹೇಳುವ ‘ರಾಹ್ ದೇಖ್ನಾ’. ಬರಬೇಕಾದವರು ಇನ್ನೂ ಬಂದಿಲ್ಲ ಎಂದು ಅರ್ಥ. ಇಷ್ಟು ತಿಳಿದ ಮೇಲೆ ಪದ್ಯವೇ ತಿರುಗಿ ಕೂತಿತು. ಅಂಗಡಿ ಮುಚ್ಚಿದೆ, ಬೀಗಕ್ಕೆ ತುಕ್ಕು ಹಿಡಿದಿದೆ, ದೀಪ ಹಚ್ಚಿಲ್ಲ, ಯಾರಿಗೋ ಕಾಯುವುದು ಮುಗಿದಿಲ್ಲ. ಇವೆಲ್ಲದರ ನಡುವೆ ‘ಬೆಚ್ಚನೆ’ ಎಂಬ ಒಂದೇ ಹಿತವಾದ ಪದವಿದೆ. ಅದೂ ಗಿರಾಕಿಗಳು ನಿಲ್ಲಬೇಕಾದ ಮೆಟ್ಟಿಲಲ್ಲಿ ಯಾರೂ ಇಲ್ಲದ್ದರಿಂದ ಬಿಸಿಲು ಬಂದು ಕೂತಿದೆ. ಹೀಗೆ ನೋಡಿದರೆ ಆ ಪದವೂ ಖಾಲಿತನವನ್ನೇ ಹೆಚ್ಚು ಮಾಡುತ್ತದೆ. ಉತ್ತರ ವಿಷಾದ. ಭಾವದ ಪ್ರಶ್ನೆಗೆ ಒಂದು ಪದ ಹಿಡಿದು ಉತ್ತರಿಸಬಾರದು, ಆ ಪದ ಯಾವ ಜಾಗದಲ್ಲಿ ಕೂತಿದೆ ಎಂದು ನೋಡಬೇಕು.

ಇನ್ನು ಆಶಯ. ‘ಅಂಗಡಿ’ ಎಂದು ಕಂಡ ಕೂಡಲೇ ವಾಣಿಜ್ಯದ ಹುಡುಗಿ ‘ನಷ್ಟ’ ಎಂದು ಬರೆದದ್ದಕ್ಕೆ ಸರ್ ನಕ್ಕುಬಿಟ್ಟರು. ಅಂಗಡಿ ಈ ಪದ್ಯದ ವಸ್ತು, ಅಂದರೆ ಯಾವುದರ ಮೇಲೆ ಬರೆದಿದೆಯೋ ಅದು. ಆ ವಸ್ತುವಿನ ಮೂಲಕ ಏನು ಹೇಳಿದೆಯೋ ಅದು ಆಶಯ. ಅವರು ಹೇಳಿಕೊಟ್ಟ ಪರೀಕ್ಷೆ ಸುಲಭ: ಆರಿಸಿದ ಉತ್ತರಕ್ಕೆ ಯಾವ ಸಾಲು ಸಾಕ್ಷಿ ಎಂದು ಬೆರಳಿಟ್ಟು ತೋರಿಸು. ಅಂಗಡಿ ಏಕೆ ಮುಚ್ಚಿತು ಎಂದು ಯಾವ ಸಾಲೂ ಹೇಳುವುದಿಲ್ಲ, ಆದ್ದರಿಂದ ‘ಕಾರಣ’ ಹೋಯಿತು. ಬಿಸಿಲು ಒಂದೇ ಸಾಲಿನಲ್ಲಿದೆ, ಉಳಿದ ಮೂರನ್ನು ಅದು ಮುಟ್ಟುವುದಿಲ್ಲ, ಆದ್ದರಿಂದ ‘ಬೇಸಿಗೆ’ಯೂ ಹೋಯಿತು. ಪ್ರಾಮಾಣಿಕತೆ ಕೇಳಲು ಚೆಂದ, ಪದ್ಯದಲ್ಲಿ ಎಲ್ಲೂ ಇಲ್ಲ. ನಾಲ್ಕೂ ಸಾಲು ಒಪ್ಪುವುದು ನಿಂತುಹೋದ ಬದುಕಿನ ಕಾಯುವಿಕೆಯನ್ನು ಮಾತ್ರ. ನಾನೀಗ ಆಶಯದ ಪ್ರಶ್ನೆ ಮೊದಲು ಬಂದಿದ್ದರೂ ಕೊನೆಗೆ ಬರೆಯುತ್ತೇನೆ. ಭಾವ ತಿಳಿದ ಮೇಲೆ ಅರ್ಧ ಆಯ್ಕೆಗಳು ತಾವೇ ಬಿದ್ದುಹೋಗುತ್ತವೆ.

ಮೂರನೆಯ ಪ್ರಶ್ನೆ ನಾಲ್ಕನೆಯ ಸಾಲಿನ ಅಲಂಕಾರದ ಬಗ್ಗೆ. ನನಗೆ ಬಂದ ಆ ಒಂದು ಅಂಕ ಇದರದ್ದು, ಪುಣ್ಯ ನಮ್ಮ ನಾನಾ ಅವರದ್ದು. ಶೇರ್ ಹೇಳುವಾಗ ಅವರು ತಶ್ಬೀಹ್, ಇಸ್ತಿಆರಾ ಎಂದು ಬಿಡಿಸಿ ತೋರಿಸುತ್ತಿದ್ದರು. ‘ಜೈಸೇ’, ‘ಕೀ ತರಹ್’ ಎಂಬ ಪದ ನಡುವೆ ನಿಂತಿದ್ದರೆ ತಶ್ಬೀಹ್. ಕನ್ನಡದಲ್ಲಿ ಆ ಜಾಗದಲ್ಲಿ ‘ಅಂತೆ’, ‘ಹಾಗೆ’ ಬರುತ್ತದೆ, ಅದು ಉಪಮೆ. ಇಲ್ಲಿ ಬೀಗ ಉಪಮೇಯ, ಹಚ್ಚದ ದೀಪ ಉಪಮಾನ, ‘ಅಂತೆ’ ಉಪಮಾವಾಚಕ, ದಾರಿ ಕಾಯುವುದು ಎರಡಕ್ಕೂ ಸಮಾನವಾದ ಧರ್ಮ. ‘ಬೀಗವೆಂಬ ಹಚ್ಚದ ದೀಪ’ ಎಂದಿದ್ದರೆ ಎರಡೂ ಒಂದೇ ಎಂದಂತಾಗಿ ರೂಪಕವಾಗುತ್ತಿತ್ತು. ಆದರೆ ‘ಅಂತೆ’ ಕಂಡಲ್ಲೆಲ್ಲ ಉಪಮೆ ಎಂದು ಬರೆದರೂ ಮೋಸವಿದೆ. ‘ಮಾಲೀಕನ ಹೆಜ್ಜೆ ಕೇಳಿಸಿತೋ ಎಂಬಂತೆ ಬೀಗ ಅಲುಗಿತು’ ಎಂದರೆ ಅಲ್ಲಿ ಎರಡು ವಸ್ತುಗಳ ಹೋಲಿಕೆಯೇ ಇಲ್ಲ. ಗಾಳಿಗೆ ಅಲುಗಿದ ಬೀಗಕ್ಕೆ ಕವಿ ತಾನೇ ಒಂದು ಕಾರಣ ಕಲ್ಪಿಸಿದ್ದಾನೆ. ಅದು ಉತ್ಪ್ರೇಕ್ಷೆ.

ನಾಲ್ಕನೆಯದು ಪ್ರಾಸ. ಪ್ರಶ್ನೆ: ನಾಲ್ಕೂ ಸಾಲುಗಳಲ್ಲಿ ಬಂದಿರುವ ಪ್ರಾಸ ಯಾವುದು? ಇಲ್ಲಿ ನಾನಾ ಕಲಿಸಿದ್ದೇ ದಾರಿ ತಪ್ಪಿಸಿತು. ಉರ್ದುವಿನಲ್ಲಿ ಕಾಫಿಯಾ, ರದೀಫ್ ಹುಡುಕಲು ಸಾಲಿನ ಕೊನೆಗೆ ನೋಡಬೇಕು. ನಾನೂ ‘ಕೂತಿದೆ’, ‘ಕಾಯುತಿದೆ’ ನೋಡಿ ಅಂತ್ಯಪ್ರಾಸ ಎಂದು ಬರೆದೆ. ಆದರೆ ಅದು ಇರುವುದು ಎರಡು ಸಾಲಿನಲ್ಲಿ ಮಾತ್ರ, ಪ್ರಶ್ನೆ ಕೇಳಿದ್ದು ನಾಲ್ಕರದ್ದು. ಕನ್ನಡದ ಹಳೆಯ ಪದ್ಧತಿಯಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿರುತ್ತದೆ: ಮುಚ್ಚಿದ, ಬೆಚ್ಚನೆಯ, ಎಚ್ಚರದ, ಹಚ್ಚದ. ನಾಲ್ಕರಲ್ಲೂ ‘ಚ್ಚ’ಕಾರ. ಇದು ಆದಿಪ್ರಾಸ, ದ್ವಿತೀಯಾಕ್ಷರ ಪ್ರಾಸ ಎಂದೂ ಕರೆಯುತ್ತಾರೆ. ಅದರಲ್ಲಿ ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರು ಬಗೆಗಳಿವೆ. ಇಲ್ಲಿ ದ್ವಿತ್ವ ಬಂದದ್ದರಿಂದ ಹಯಪ್ರಾಸ. (ಪ್ರಾಣಿಗಳ ಹೆಸರಿರುವುದರಿಂದ ನೆನಪಿಡಲು ಸುಲಭ ಎಂದು ಸರ್ ಹೇಳುತ್ತಾರೆ, ನನಗಂತೂ ಸುಲಭವಾಗಲಿಲ್ಲ.) ಎಲ್ಲ ಪದ್ಯದಲ್ಲೂ ಇದು ಸಿಗುತ್ತದೆಂದು ನಂಬಬೇಡಿ. ಮಂಜೇಶ್ವರದ ಗೋವಿಂದ ಪೈ ಅವರು 1911ರಲ್ಲೇ ಈ ಪ್ರಾಸದ ಕಟ್ಟು ಬಿಟ್ಟು ಬರೆದರು. ಹೊಸಗನ್ನಡ ಕವಿತೆ ಕೊಟ್ಟಾಗ ಪ್ರತಿ ಸಾಲಿನ ಎರಡನೆಯ ಅಕ್ಷರವನ್ನು ಪೆನ್ಸಿಲಿನಿಂದ ಗುರುತು ಮಾಡಿ ನೋಡಿಯೇ ಹೇಳಬೇಕು.

ಹೊರಡುವಾಗ ‘ತುಕ್ಕಿನ ಕಣ್ಣು’ ಯಾವ ಅಲಂಕಾರ ಎಂದು ಕೇಳಿದೆ. ಬೀಗಕ್ಕೆ ಮನುಷ್ಯನ ಕಣ್ಣು ಕೊಟ್ಟದ್ದರಿಂದ ಮಾನವೀಕರಣ ಎನ್ನಬಹುದು; ಕೀಲಿಯ ತೂತನ್ನೇ ಕಣ್ಣು ಎಂದದ್ದರಿಂದ ರೂಪಕ ಎನ್ನಬಹುದು. ನಾನು ಮೊದಲನೆಯದು ಅಂದೆ, ಜೊತೆಗಿದ್ದ ಗೆಳತಿ ಎರಡನೆಯದು ಅಂದಳು. “ಅದಕ್ಕೇ ಅದನ್ನು ಒಂದು ಅಂಕಕ್ಕೆ ಕೇಳಲಿಲ್ಲ” ಎಂದು ಸರ್ ಪತ್ರಿಕೆ ಮಡಚಿ ಕೊಟ್ಟರು. ನಾವಿಬ್ಬರೂ ಬಸ್ ನಿಲ್ದಾಣದವರೆಗೆ ಅದನ್ನೇ ವಾದಿಸುತ್ತ ಹೋದೆವು.