‘ಹೋದ ಸಲದ ಹಾಗೇ ಮಾಡು’ ಎಂದರೆ ಯಾವ ಸಲದ ಹಾಗೆ?

‘ಹಳೇ ಅಳತೆಗೇ ಹೊಲಿದುಬಿಡಿ’ ಎಂದು ಬಟ್ಟೆ ಕೊಟ್ಟು ಬರುತ್ತೇವಲ್ಲ, ಆಗ ನಾವು ನೆಚ್ಚಿಕೊಂಡಿರುವುದು ಟೈಲರ್‌ನ ನೆನಪನ್ನಲ್ಲ, ಅವರ ಮೇಜಿನ ಖಾನೆಯಲ್ಲಿರುವ ಅಳತೆ ಪುಸ್ತಕವನ್ನು. ಪುಸ್ತಕ ಕಳೆದುಹೋಗಿದ್ದರೆ ಒಳ್ಳೆಯ ಟೈಲರ್ ಸುಮ್ಮನೆ ಕತ್ತರಿ ಹಾಕುವುದಿಲ್ಲ, ‘ಒಂದು ಅಳತೆ ಬ್ಲೌಸ್ ಕೊಟ್ಟುಹೋಗಿ’ ಎನ್ನುತ್ತಾರೆ. ಎಐ ಚಾಟ್‌ಬಾಟ್‌ಗಳ ಮುಂದೆ ಕೂತು ‘ಹೋದ ಸಲದ ಹಾಗೇ ಮಾಡು’ ಎಂದು ಟೈಪ್ ಮಾಡುವವರು ಅಲ್ಲೂ ಅಂಥದೊಂದು ಪುಸ್ತಕ ಇದೆಯೆಂದೇ ತಿಳಿದಿರುತ್ತಾರೆ. ಎಷ್ಟೋ ಸಲ ಅದು ಇರುವುದಿಲ್ಲ. ಆದರೂ ಕತ್ತರಿ ಓಡುತ್ತದೆ.

ಒಂದು ಲೆಕ್ಕವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ 20 ಮನೆಗಳ ಒಂದು ಅಪಾರ್ಟ್‌ಮೆಂಟ್. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚನ್ನು ಮನೆಮನೆಗೆ ಹಂಚಿ ನೋಟಿಸ್ ಹಾಕುವುದು ಸಂಘದ ಕಾರ್ಯದರ್ಶಿಯ ಕೆಲಸ. ಮಾರ್ಚ್‌ನಲ್ಲಿ ಬಿಲ್ 38,000 ರೂಪಾಯಿ ಬಂತು. 7 ಮತ್ತು 14ನೇ ಮನೆಗಳಿಗೆ ಇಡೀ ತಿಂಗಳು ಬೀಗ. ಬೀಗ ಹಾಕಿದ ಮನೆಗೆ ಅರ್ಧ ಪಾಲು ಎಂಬುದು ಸಂಘದ ನಿಯಮ. ಅಂದರೆ 18 ಪೂರ್ತಿ ಪಾಲು, ಎರಡು ಅರ್ಧ ಪಾಲು, ಒಟ್ಟು 19. ಪಾಲಿಗೆ 2,000 ರೂಪಾಯಿ, ಬೀಗದ ಮನೆಗೆ 1,000. ಇದನ್ನೆಲ್ಲ ಚಾಟ್‌ಬಾಟ್‌ಗೆ ಒಂದೊಂದಾಗಿ ತಿಳಿಸಿ, ಎರಡು ಮೂರು ಸಲ ತಿದ್ದಿಸಿ ಕಾರ್ಯದರ್ಶಿ ನೋಟಿಸ್ ಮಾಡಿಸಿಕೊಂಡರು.

ಏಪ್ರಿಲ್‌ನಲ್ಲಿ ಬಿಲ್ 41,800 ರೂಪಾಯಿ. ಹೊಸ ಚಾಟ್ ತೆರೆದು ಬಿಲ್ಲಿನ ಮೊತ್ತ, ಮನೆಗಳ ಸಂಖ್ಯೆ ಬರೆದು ‘ಹೋದ ಸಲದ ಹಾಗೇ ಹಂಚು’ ಎಂದರು. ಅಚ್ಚುಕಟ್ಟಾದ ನೋಟಿಸ್ ಬಂತು: ಪ್ರತಿ ಮನೆಗೆ 2,090 ರೂಪಾಯಿ. 20ರಿಂದ ಗುಣಿಸಿ ನೋಡಿದರು, ಸರಿಯಾಗಿ 41,800. ನೋಟಿಸ್ ಬೋರ್ಡಿಗೆ ಹೋಯಿತು. ಸಂಜೆಗೆ ಬೀಗದ ಮನೆಯವರ ಫೋನ್: ‘ಏನ್ ಸಾರ್, ನಾವು ಊರಲ್ಲೇ ಇಲ್ಲ, ನಮಗೂ ಪೂರ್ತಿ ಹಾಕಿದ್ದೀರಲ್ಲ?’

ಈ ಒಂದು ಎಡವಟ್ಟಿನ ಹಿಂದೆ ಐದು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ 1: ಹೋದ ತಿಂಗಳು ಹೇಳಿಕೊಟ್ಟಿದ್ದೇನೆ, ಅದು ಕಲಿತುಕೊಂಡಿರುತ್ತದೆ.

ಸತ್ಯ: ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿ ಕಲಿಯುವುದು ತರಬೇತಿಯ ಹೊತ್ತಿನಲ್ಲಿ. ನಾವು ಬಳಸುವಾಗ ಅದು ಕಲಿತದ್ದರಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ. ಹಾಗಾದರೆ ಒಂದೇ ಮಾತುಕತೆಯ ನಡುವೆ ‘ಮೇಲೆ ಹೇಳಿದೆನಲ್ಲ, ಅದನ್ನು ಬದಲಿಸು’ ಎಂದರೆ ಹೇಗೆ ಅರ್ಥವಾಗುತ್ತದೆ? ನಾವು ಪ್ರತಿ ಸಲ ಕಳಿಸುವ ಗುಂಡಿ ಒತ್ತಿದಾಗಲೂ ಆ ಚಾಟ್‌ನಲ್ಲಿ ಅಲ್ಲಿಯವರೆಗೆ ನಡೆದ ಮಾತನ್ನು ಆ್ಯಪ್ ಮತ್ತೆ ಮಾದರಿಯ ಮುಂದಿಡುತ್ತದೆ. ಮಾದರಿ ಅದನ್ನು ಮೊದಲಿನಿಂದ ಓದಿ ಮುಂದಿನ ಉತ್ತರ ಬರೆಯುತ್ತದೆ. ನಮಗೆ ನೆನಪು ಎಂದು ಕಾಣುವುದು ಈ ಮರುಓದು.

ಹೊಸ ಚಾಟ್‌ನಲ್ಲಿ ಮರುಓದಲು ಹಳೆಯದೇನೂ ಇಲ್ಲ. ಏಪ್ರಿಲ್‌ನಲ್ಲಿ ಕಾರ್ಯದರ್ಶಿಯ ಕಡೆಯಿಂದ ಮಾದರಿಗೆ ತಲುಪಿದ್ದು ಹೆಚ್ಚುಕಡಿಮೆ ಇಷ್ಟೇ:

```
[
  {"role": "user",
   "content": "ಏಪ್ರಿಲ್ ಟ್ಯಾಂಕರ್ ಬಿಲ್ 41,800. ಮನೆ 20. ಹೋದ ಸಲದ ಹಾಗೇ ಹಂಚು."}
]
```

ಇದರಲ್ಲಿ ಬೀಗ ಎಂಬ ಪದವಿಲ್ಲ, ಅರ್ಧ ಪಾಲು ಎಂಬ ಮಾತಿಲ್ಲ. ಮಾರ್ಚ್ ತಿಂಗಳ ಸುಳಿವೇ ಇಲ್ಲ.

ತಪ್ಪು ಕಲ್ಪನೆ 2: ಹಳೆಯ ಚಾಟ್ ಪಕ್ಕದ ಪಟ್ಟಿಯಲ್ಲೇ ಇದೆ. ನನಗೆ ಕಾಣುವುದು ಅದಕ್ಕೂ ಕಾಣುತ್ತದೆ.

ಸತ್ಯ: ಪರದೆಯ ಬದಿಯಲ್ಲಿರುವ ಪಟ್ಟಿ ನಮ್ಮ ಖಾತೆಯ ಕಡತ, ನಾವು ತೆರೆದು ಓದಲು ಇಟ್ಟಿರುವುದು. ಅದರಿಂದ ಯಾವುದನ್ನು ತೆಗೆದು ಮಾದರಿಯ ಮುಂದಿಡಬೇಕು ಎಂದು ನಿರ್ಧರಿಸುವುದು ಆ್ಯಪ್. ಬೇರೆ ವ್ಯವಸ್ಥೆ ಇಲ್ಲದಿದ್ದರೆ ಈಗ ತೆರೆದಿರುವ ಚಾಟ್ ಮಾತ್ರ ಹೋಗುತ್ತದೆ. ಮಾರ್ಚ್‌ನದು ಮನೆಯ ಕಂಪ್ಯೂಟರಿನಲ್ಲಿ ಒಂದು ಖಾತೆಯಿಂದ ನಡೆದು, ಏಪ್ರಿಲ್‌ನದು ಫೋನಿನಲ್ಲಿ ಲಾಗಿನ್ ಆಗದೆ ನಡೆದರೆ ಆ್ಯಪ್‌ಗೂ ಇಬ್ಬರೂ ಒಬ್ಬರೇ ಎಂದು ತಿಳಿಯುವ ದಾರಿಯಿಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ಚಾಟ್‌ನಲ್ಲಿ ವರ್ಷವಿಡೀ ಎಳೆಯುವುದೂ ಪೂರ್ತಿ ಕ್ಷೇಮವಲ್ಲ. ಮಾದರಿ ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿ ಇದೆ. ಅದನ್ನು ಟೋಕನ್ ಎಂಬ ತುಣುಕುಗಳಲ್ಲಿ ಅಳೆಯುತ್ತಾರೆ. 2020ರ ಜಿಪಿಟಿ-3ಕ್ಕೆ ಅದು 2,048 ಟೋಕನ್. ಇಂದಿನ ಮಾದರಿಗಳಿಗೆ ಅದರ ಹತ್ತಾರು, ಕೆಲವಕ್ಕೆ ನೂರಾರು ಪಟ್ಟು ಹಿಡಿಸುತ್ತದೆ. ಆದರೂ ಕನ್ನಡದ ಒಂದು ಪದ ಸಾಮಾನ್ಯವಾಗಿ ಇಂಗ್ಲಿಷ್ ಪದಕ್ಕಿಂತ ಹೆಚ್ಚು ತುಣುಕಾಗುವುದರಿಂದ ನಮ್ಮ ಚಾಟ್ ಬೇಗ ತುಂಬುತ್ತದೆ. ತುಂಬಿದಾಗ ಕೆಲವು ಆ್ಯಪ್‌ಗಳು ಹಳೆಯ ಭಾಗವನ್ನು ಬಿಡುತ್ತವೆ, ಕೆಲವು ಸಾರಾಂಶಕ್ಕೆ ಇಳಿಸುತ್ತವೆ. ಆಗ ಮೊದಲ ದಿನ ಹೇಳಿದ ನಿಯಮ ನಮ್ಮ ಪರದೆಯಲ್ಲಿ ಇದ್ದೂ ಮಾದರಿಯ ಮುಂದೆ ಇಲ್ಲದೆ ಹೋಗಬಹುದು.

ತಪ್ಪು ಕಲ್ಪನೆ 3: ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನುತ್ತಿತ್ತು. ಉತ್ತರ ಬಂತೆಂದರೆ ನೆನಪಿದೆ.

ಸತ್ಯ: ಕೆಲವು ಸಲ ಹಳೆಯದು ಕಾಣುತ್ತಿಲ್ಲವೆಂದು ತಿಳಿಸಿ ವಿವರ ಕೇಳುವುದುಂಟು. ಬೇಕಾದದ್ದೂ ಅದೇ. ಆದರೆ ಅದನ್ನು ನಂಬಿ ಕೂರುವಂತಿಲ್ಲ. ಮುಂದಿರುವ ಪಠ್ಯಕ್ಕೆ ಹೊಂದುವ ಮುಂದುವರಿಕೆ ಬರೆಯುವುದು ಮಾದರಿಯ ಕೆಲಸ. ಮೊತ್ತ ಇದೆ, ಮನೆಗಳ ಸಂಖ್ಯೆ ಇದೆ, ಹಂಚು ಎಂಬ ಮಾತಿದೆ. ಇಷ್ಟು ಸಿಕ್ಕಿದರೆ ಎಲ್ಲರೂ ಸಾಮಾನ್ಯವಾಗಿ ಮಾಡುವ ಸಮಪಾಲನ್ನು ಮಾಡಿ, ಮೇಲೆ ‘ಕಳೆದ ಬಾರಿಯಂತೆ’ ಎಂಬ ಸಾಲನ್ನೂ ಸೇರಿಸಿಬಿಡಬಹುದು. ಆ ಸಾಲು ನಮ್ಮ ಮಾತಿನ ಪ್ರತಿಧ್ವನಿಯೇ ಹೊರತು ಹಳೆಯದನ್ನು ನೋಡಿದ್ದಕ್ಕೆ ಸಾಕ್ಷಿಯಲ್ಲ.

ಇಲ್ಲಿ ಕಾರ್ಯದರ್ಶಿ ಪರೀಕ್ಷಿಸಲಿಲ್ಲ ಎನ್ನುವಂತಿಲ್ಲ, ಮೊತ್ತ ಕೂಡಿ ನೋಡಿದರು. ಆದರೆ ಮೊತ್ತ ಎರಡೂ ರೀತಿಯಲ್ಲಿ ತಾಳೆಯಾಗುತ್ತದೆ. ನಿಯಮದ ಪ್ರಕಾರ 41,800ನ್ನು 19 ಪಾಲು ಮಾಡಿದರೆ ಪಾಲಿಗೆ 2,200, ಬೀಗದ ಮನೆಗೆ 1,100. ಸಮಪಾಲಿನಲ್ಲಿ 18 ಮನೆಗಳಿಗೆ ತಲಾ 110 ರೂಪಾಯಿ ಕಡಿಮೆ, ಬೀಗದ ಎರಡು ಮನೆಗಳಿಗೆ ತಲಾ 990 ಹೆಚ್ಚು. ಅತ್ತ 1,980, ಇತ್ತ 1,980. ಒಟ್ಟು ಲೆಕ್ಕದಲ್ಲಿ ತಪ್ಪು ಅಡಗಿ ಕೂತಿತು. ಹಿಡಿಯಬೇಕಿದ್ದರೆ ಕೂಡಿ ನೋಡುವ ಬದಲು ಬೇರೆಯವರಿಗಿಂತ ಭಿನ್ನವಾಗಿರಬೇಕಾದ ಮನೆಯ ಸಾಲನ್ನು ನೋಡಬೇಕಿತ್ತು. 7ನೇ ಮನೆಯ ಮುಂದೆ ಎಲ್ಲರಷ್ಟೇ ಮೊತ್ತ ಇದ್ದುದೇ ನಿಯಮ ತಲುಪಿಲ್ಲ ಎಂಬುದರ ಗುರುತು.

ತಪ್ಪು ಕಲ್ಪನೆ 4: ಈಗ ಮೆಮೊರಿ ಸೌಲಭ್ಯ ಬಂದಿದೆ, ಈ ತಾಪತ್ರಯ ಮುಗಿಯಿತು.

ಸತ್ಯ: ಸೌಲಭ್ಯ ಬಂದಿರುವುದು ನಿಜ. ಚಾಟ್‌ಜಿಪಿಟಿಯಲ್ಲಿ 2024ರ ಫೆಬ್ರವರಿಯಲ್ಲಿ ಅದರ ಪ್ರಯೋಗ ಶುರುವಾಯಿತು. 2025ರ ಏಪ್ರಿಲ್‌ನಲ್ಲಿ ಹಳೆಯ ಚಾಟ್‌ಗಳಿಂದಲೂ ವಿಷಯ ತೆಗೆದುಕೊಳ್ಳುವಂತೆ ಅದನ್ನು ವಿಸ್ತರಿಸಿದರು. ಬೇರೆ ಸೇವೆಗಳಲ್ಲೂ ಇಂಥದು ಇದೆ. ಆದರೆ ಇದು ಹಳೆಯ ಮಾತುಕತೆಯನ್ನು ಇಡಿಯಾಗಿ ತಂದು ಮುಂದಿಡುವ ಏರ್ಪಾಡಲ್ಲ. ಮುಖ್ಯವೆನಿಸಿದ್ದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡ ಹಾಗೆ, ಇಲ್ಲವೇ ಹಳೆಯದರಲ್ಲಿ ಹುಡುಕಿ ಒಂದಿಷ್ಟು ಹೆಕ್ಕಿದ ಹಾಗೆ. ‘ಈ ಬಳಕೆದಾರರು ಅಪಾರ್ಟ್‌ಮೆಂಟಿನ ನೀರಿನ ಬಿಲ್ ಹಂಚುತ್ತಾರೆ’ ಎಂಬ ಚೀಟಿ ಉಳಿದು, ಬೀಗದ ಮನೆಯ ಅರ್ಧ ಪಾಲು ಉಳಿಯದೆ ಹೋಗಬಹುದು. ಹೀಗಾದಾಗ ಮೋಸಹೋಗುವುದು ಇನ್ನೂ ಸುಲಭ, ಏಕೆಂದರೆ ಉತ್ತರದಲ್ಲಿ ಅಪಾರ್ಟ್‌ಮೆಂಟಿನ ಪ್ರಸ್ತಾಪ ಕಂಡೊಡನೆ ಉಳಿದದ್ದೂ ನೆನಪಿದೆ ಎಂದುಕೊಳ್ಳುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಆಫ್ ಆಗಿದ್ದರೆ ಅಥವಾ ತಾತ್ಕಾಲಿಕ ಚಾಟ್ ತೆರೆದಿದ್ದರೆ ಆ ಚೀಟಿಯೂ ಇಲ್ಲ.

ತಪ್ಪು ಕಲ್ಪನೆ 5: ಹಾಗಾದರೆ ಹಳೆಯ ನೋಟಿಸ್ ಅಂಟಿಸಿದರೆ ಸಾಕು.

ಸತ್ಯ: ಅಂಟಿಸುವುದು ಅಳತೆ ಬ್ಲೌಸ್ ಕೊಟ್ಟ ಹಾಗೆ, ಏನೂ ಕೊಡದಿರುವುದಕ್ಕಿಂತ ಎಷ್ಟೋ ಮೇಲು. ನೋಟಿಸಿನ ಧಾಟಿ, ತಲೆಬರಹ, ಕೋಷ್ಟಕ ಎಲ್ಲ ಅದರಿಂದ ಸಿಗುತ್ತದೆ. ಆದರೆ ಮೈ ಬದಲಾಗಿದ್ದರೆ ಅಳತೆ ಬ್ಲೌಸೇ ದಾರಿ ತಪ್ಪಿಸುತ್ತದೆ.

ಮಾರ್ಚ್ ನೋಟಿಸಿನಲ್ಲಿ 7 ಮತ್ತು 14ನೇ ಮನೆಗಳ ಮುಂದೆ 1,000 ಎಂದಿದೆ, ಏಕೆ ಎಂದಿಲ್ಲ. ಏಪ್ರಿಲ್‌ನಲ್ಲಿ 14ನೇ ಮನೆಯವರು ವಾಪಸು ಬಂದು, 3ನೇ ಮನೆಗೆ ಬೀಗ ಬಿದ್ದಿದೆ ಎಂದುಕೊಳ್ಳಿ. ಹಳೆಯ ನೋಟಿಸನ್ನಷ್ಟೇ ನೋಡಿದರೆ 7 ಮತ್ತು 14ನೇ ಮನೆಗಳಿಗೆ ಯಾವಾಗಲೂ ಅರ್ಧ ಎಂದೇ ತೋರುತ್ತದೆ. ಹಾಗೆ ಮಾಡಿದರೆ 14ಕ್ಕೆ 1,100, 3ಕ್ಕೆ 2,200. ಮೊತ್ತ ಈಗಲೂ 41,800ಕ್ಕೆ ತಾಳೆ. ಫೋನ್ ಮಾತ್ರ ಬೇರೆ ಮನೆಯಿಂದ ಬರುತ್ತದೆ.

ನೋಟಿಸಿನಲ್ಲಿ ಉಳಿದಿರುವುದು ಹಂಚಿಕೆಯ ಫಲ. ಹೇಗೆ ಹಂಚಿದೆವು ಎಂಬುದು ಮಾರ್ಚ್ ತಿಂಗಳ ಮಾತುಕತೆಯಲ್ಲಿ, ಅದರಲ್ಲೂ ‘ಇಲ್ಲ, ಬೀಗದ ಮನೆಗೆ ಅರ್ಧ ಮಾಡು’ ಎಂದು ನಡುವೆ ತಿದ್ದಿದ ಸಾಲಿನಲ್ಲಿ ಉಳಿದುಹೋಗಿದೆ. ಕಾರ್ಯದರ್ಶಿ ಏಪ್ರಿಲ್‌ನಲ್ಲಿ ಬರೆಯಬೇಕಿದ್ದದ್ದು ಇಷ್ಟು: ‘ಟ್ಯಾಂಕರ್ ಬಿಲ್ 41,800 ರೂಪಾಯಿ. 20 ಮನೆ. ತಿಂಗಳಿಡೀ ಬೀಗ ಇದ್ದ ಮನೆಗೆ ಅರ್ಧ ಪಾಲು, ಉಳಿದವಕ್ಕೆ ಪೂರ್ತಿ. ಈ ತಿಂಗಳು ಬೀಗ ಇದ್ದದ್ದು 3 ಮತ್ತು 7. ನೋಟಿಸಿನ ರೂಪ ಕೆಳಗೆ ಅಂಟಿಸಿದ ಮಾರ್ಚ್ ನೋಟಿಸಿನಂತಿರಲಿ, ಅದರ ಅಂಕಿಗಳನ್ನು ಬಳಸಬೇಡ.’ ಕೊನೆಯ ಮಾತು ಬೇಕೇ ಬೇಕು. ಇಲ್ಲದಿದ್ದರೆ ಹಳೆಯ ದಿನಾಂಕವೋ ಮೊತ್ತವೋ ಹೊಸ ನೋಟಿಸಿಗೆ ನುಸುಳಬಹುದು.

ಇಷ್ಟು ಬರೆದರೂ ನೋಟಿಸಿನ ವಾಕ್ಯಗಳು ಮಾರ್ಚ್‌ನಂತೆಯೇ ಪದಕ್ಕೆ ಪದ ಬರುತ್ತವೆಂಬ ಖಾತ್ರಿಯಿಲ್ಲ. ಮಾದರಿ ಪ್ರತಿ ಹೆಜ್ಜೆಯಲ್ಲೂ ಸಾಧ್ಯವಿರುವ ಹಲವು ಪದಗಳಲ್ಲಿ ಒಂದನ್ನು ಆರಿಸುವುದರಿಂದ ಒಂದೇ ಸೂಚನೆಗೆ ಎರಡು ಸಲ ಎರಡು ಬಗೆಯ ಉತ್ತರ ಬರಬಹುದು. ವಾಕ್ಯವೂ ಬದಲಾಗಬಾರದೆಂದಿದ್ದರೆ ಹಳೆಯ ನೋಟಿಸನ್ನು ತಾವೇ ತೆರೆದು ಅಂಕಿ ತಿದ್ದುವುದು ಸುಲಭ.

ಹಳೆಯ ಚಾಟ್ ಇನ್ನೂ ಪಟ್ಟಿಯಲ್ಲಿದ್ದರೆ ಅದನ್ನೇ ತೆರೆದು ಮುಂದುವರಿಸುವುದೂ ಒಂದು ದಾರಿ. ಆಗಲೂ ಈ ತಿಂಗಳ ಬೀಗದ ಮನೆಗಳನ್ನು ಹೇಳಲೇಬೇಕು, ಅದು ಮಾರ್ಚ್‌ಗೆ ಗೊತ್ತಿರಲಿಲ್ಲ. ಒಟ್ಟಿನಲ್ಲಿ ಅಳತೆ ಪುಸ್ತಕ ಟೈಲರ್ ಅಂಗಡಿಯಿಂದ ನಮ್ಮ ಮನೆಗೆ ಬಂದಿದೆ. ಕಾರ್ಯದರ್ಶಿ ಈಗ ಆ ನಿಯಮವನ್ನು ಸಂಘದ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ ಮುಂದಿನ ತಿಂಗಳು ಚಾಟ್‌ಬಾಟ್‌ಗೂ ಆಯಿತು, ಮುಂದಿನ ವರ್ಷ ಬರುವ ಹೊಸ ಕಾರ್ಯದರ್ಶಿಗೂ ಆಯಿತು.