ಐಸ್ ನೀರಿನಲ್ಲಿ ಹಿಟ್ಟು ಕಲಸಿದರೆ ಕರಿದ ತರಕಾರಿ ಎಣ್ಣೆ ಹೀರುವುದೇ ಇಲ್ಲವೇ?

ಜಪಾನಿನ ‘ಟೆಂಪುರಾ’ ಎಂಬ ಕರಿದ ತಿಂಡಿಯ ವಿಡಿಯೊ ಜೊತೆಗೆ ಒಂದು ಮಾತು ಹರಿದಾಡುತ್ತಿರುತ್ತದೆ: ಹಿಟ್ಟನ್ನು ಐಸ್ ನೀರಿನಲ್ಲಿ ಕಲಸಿದರೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ, ಆದ್ದರಿಂದ ಶುಗರ್, ಹಾರ್ಟ್ ತೊಂದರೆ ಇದ್ದವರೂ ಧಾರಾಳವಾಗಿ ತಿನ್ನಬಹುದು. ಇದರಲ್ಲಿ ತಣ್ಣೀರಿನ ವಿಷಯ ನಿಜ. ಎಣ್ಣೆ ಇಳಿಯುವುದಿಲ್ಲ ಎಂಬುದು ಸುಳ್ಳು. ನಿಜ ಎಲ್ಲಿಗೆ ಮುಗಿಯುತ್ತದೆ ಎಂದು ನೋಡೋಣ.

ಟೆಂಪುರಾ ಹಿಟ್ಟಿಗೆ ಬಳಸುವುದು ಗೋಧಿಯಿಂದ ಬಂದ ನುಣುಪಾದ ಹಿಟ್ಟು, ಅಂದರೆ ನಮ್ಮ ಮೈದಾ ಇದ್ದ ಹಾಗೆ. ಗೋಧಿ ಹಿಟ್ಟಿಗೆ ನೀರು ಬಿದ್ದಾಗ ಗ್ಲುಟೆನ್ ಎಂಬ ಅಂಟು ಎಳೆಗಳು ಮೂಡುತ್ತವೆ. ಚಪಾತಿ ಹಿಟ್ಟು ನಾದಿದಷ್ಟೂ ಜಗ್ಗುವುದು ಇದರಿಂದಲೇ. ಚಪಾತಿಗೆ ಅದು ಬೇಕು, ಟೆಂಪುರಾಗೆ ಬೇಡ. ಅಂಟು ಎಳೆಗಳ ಬಲೆ ಬಿಗಿಯಾದರೆ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೊರಬರುವುದು ನಿಧಾನವಾಗುತ್ತದೆ, ಮೇಲ್ಪದರ ಗರಿಗರಿಯಾಗುವ ಬದಲು ಬಾಯಲ್ಲಿ ಜಗಿಯುವಂತಾಗುತ್ತದೆ. ನೀರು ತಣ್ಣಗಿದ್ದರೆ ಈ ಎಳೆಗಳು ಬೆಳೆಯುವುದು ನಿಧಾನ. ತಣ್ಣೀರಿನ ಕೆಲಸ ಇಷ್ಟೇ. ‘ತಣ್ಣನೆಯದು ಬಿಸಿ ಎಣ್ಣೆಗೆ ಬಿದ್ದು ಶಾಕ್ ಆಗಿ ಎಣ್ಣೆ ಹಿಂದೆ ಸರಿಯುತ್ತದೆ’ ಎಂಬ ವಿವರಣೆಗೆ ಅರ್ಥವಿಲ್ಲ.

ಹಾಗಾಗಿ ನೀರನ್ನು ತಣ್ಣಗಿಟ್ಟು ಹಿಟ್ಟನ್ನು ಗಂಟಿಲ್ಲದಂತೆ ಚೆನ್ನಾಗಿ ತಿರುವಿದರೆ ಲಾಭವೆಲ್ಲ ಹೋಯಿತು. ಒಂದು ಸಲಕ್ಕೆ 80 ಗ್ರಾಂ ಮೈದಾ, 20 ಗ್ರಾಂ ಕಾರ್ನ್‌ಫ್ಲೋರ್ ಜರಡಿ ಹಿಡಿದು, ಸುಮಾರು 160 ಮಿಲಿ ಫ್ರಿಜ್ ನೀರು ಹಾಕಿ ಎಂಟು–ಹತ್ತು ಸಲ ಕಲಕಿ ಬಿಟ್ಟುಬಿಡಿ. ಅಲ್ಲಲ್ಲಿ ಒಣ ಹಿಟ್ಟಿನ ಗಂಟು ಉಳಿದರೆ ಉಳಿಯಲಿ. (ಜಪಾನಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯೂ ಇರುತ್ತದೆ, ಇಲ್ಲದೆಯೂ ಆಗುತ್ತದೆ.) ಹಿಟ್ಟು ನೀರುದೋಸೆಯದ್ದಕ್ಕಿಂತ ತುಸು ಗಟ್ಟಿ, ಬಜ್ಜಿಯದ್ದಕ್ಕಿಂತ ತುಂಬ ತೆಳು ಇರಬೇಕು. ಎಣ್ಣೆ ಕಾದ ಮೇಲೆಯೇ ಕಲಸಿ, ಏಕೆಂದರೆ ಹಿಟ್ಟು ಕಾಯುತ್ತ ಕೂತಷ್ಟೂ ಅಂಟು ಬೆಳೆಯುತ್ತದೆ.

ಎಣ್ಣೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ. ಅದು ಬಾಣಲೆಯ ತಳ ಮುಟ್ಟಿ ನಿಧಾನವಾಗಿ ಮೇಲೆ ಬಂದರೆ ಇನ್ನೂ ಕಾಯಬೇಕು. ಅರ್ಧಕ್ಕೆ ಮುಳುಗಿ ತಕ್ಷಣ ಮೇಲೆದ್ದರೆ ಸರಿ. ಮುಳುಗದೆ ಮೇಲೆಯೇ ಚದುರಿದರೆ ಕಾವು ಹೆಚ್ಚಾಗಿದೆ.

ಸಿಹಿಗೆಣಸನ್ನೇ ತೆಗೆದುಕೊಳ್ಳೋಣ. ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಕೊಯ್ದು, ನೀರಿನ ಪಸೆ ಒರೆಸಿ, ಮೊದಲು ಒಣ ಮೈದಾ ಸವರಿದರೆ ಹಿಟ್ಟು ಕಳಚಿಕೊಳ್ಳುವುದಿಲ್ಲ. ನಂತರ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡಿ. ಒಂದು ಸಲಕ್ಕೆ ಎಣ್ಣೆಯ ಮೇಲ್ಭಾಗ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ತುಂಬಿದರೆ ಎಣ್ಣೆಯ ಕಾವು ಥಟ್ಟನೆ ಇಳಿದು ಮೆತ್ತಗಾಗುತ್ತದೆ. ಮೊದಲು ದೊಡ್ಡ ಗುಳ್ಳೆಗಳು ಜೋರಾಗಿ ಸದ್ದು ಮಾಡುತ್ತವೆ. ಸುಮಾರು 3 ನಿಮಿಷದಲ್ಲಿ ಗುಳ್ಳೆಗಳು ಸಣ್ಣಗಾಗಿ ಸದ್ದು ಇಳಿಯುತ್ತದೆ, ಅಂದರೆ ಹಿಟ್ಟಿನ ನೀರು ಬಹುಪಾಲು ಹೋಗಿದೆ. ಆಗಲೇ ತೆಗೆಯಿರಿ. ಬಣ್ಣ ಕೆಂಪಾಗಲಿ ಎಂದು ಕಾಯಬೇಡಿ, ಇದು ತಿಳಿ ಹಳದಿ ಇದ್ದಾಗಲೇ ಬೆಂದಿರುತ್ತದೆ. ಬೀನ್ಸ್, ದೊಣ್ಣೆಮೆಣಸಿನಕಾಯಿ ಹೋಳುಗಳಿಗೆ ಒಂದೆರಡು ನಿಮಿಷ ಸಾಕು.

ಇನ್ನು ಎಣ್ಣೆಯ ಪ್ರಶ್ನೆ. ಕರಿಯುತ್ತಿರುವಾಗ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುತ್ತದೆ, ಅದಕ್ಕೆ ಎದುರಾಗಿ ಎಣ್ಣೆ ಒಳನುಗ್ಗುವುದು ಕಷ್ಟ. ಹೊರಗೆ ತೆಗೆದ ಮೇಲೆ ಕಥೆ ತಿರುಗುತ್ತದೆ. ತಿಂಡಿ ಆರುತ್ತಿದ್ದಂತೆ ಒಳಗಿನ ಆವಿ ನೀರಾಗಿ ಒತ್ತಡ ಕಡಿಮೆಯಾಗುತ್ತದೆ, ಆಗ ಮೇಲೆ ಅಂಟಿಕೊಂಡಿರುವ ಎಣ್ಣೆಯನ್ನು ಸಣ್ಣ ರಂಧ್ರಗಳು ಒಳಗೆಳೆದುಕೊಳ್ಳುತ್ತವೆ. ಎಣ್ಣೆಯ ದೊಡ್ಡ ಪಾಲು ಸೇರುವುದು ಹೀಗೆ. ಆದ್ದರಿಂದ ತೆಗೆದ ಕೂಡಲೇ ಜಾಲರಿ ಸೌಟಿನಲ್ಲಿ ಒದರಿ, ತಂತಿ ಜಾಲರಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಇಡುವುದರಿಂದ ಎಣ್ಣೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೂ ಉಳಿಯುವುದು ಉಳಿದೇ ಇರುತ್ತದೆ, ಒಂದು ಟೀ ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲೊರಿ. ಮೈದಾ, ಕಾರ್ನ್‌ಫ್ಲೋರ್, ಗೆಣಸು ಮೂರರಲ್ಲೂ ಪಿಷ್ಟವಿದೆ, ನೀರು ತಣ್ಣಗಿದ್ದ ಮಾತ್ರಕ್ಕೆ ಅದು ರಕ್ತದ ಸಕ್ಕರೆ ಏರಿಸದೆ ಬಿಡುವುದಿಲ್ಲ. ಮನೆಯಲ್ಲಿ ಶುಗರ್ ಇರುವವರಿಗೆ ‘ಎಷ್ಟಾದರೂ ತಿನ್ನಿ’ ಎಂದು ಈ ಸಂದೇಶ ಕಳಿಸಬೇಡಿ.

ಇದೇ ಉಪಾಯ ನಮ್ಮ ಬಜ್ಜಿಗೂ ನಡೆಯುತ್ತದೆಯೇ? ಕಡಲೆಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ತಡೆಯುವುದಕ್ಕೆ ಅಲ್ಲಿ ಏನೂ ಇಲ್ಲ. ಬಜ್ಜಿ ಎಣ್ಣೆ ಕುಡಿದಿದ್ದರೆ ಎಣ್ಣೆಯ ಕಾವು, ಹಿಟ್ಟಿನ ಹದ, ಹಾಕಿದ ಸೋಡಾ ಇವನ್ನು ನೋಡಿ.

ಕೆಲವರು ಹಿಟ್ಟಿನೊಳಗೇ ಐಸ್ ತುಂಡು ಹಾಕುತ್ತಾರೆ. ಅದೊಂದು ತರಕಾರಿಯ ಜೊತೆ ಬಾಣಲೆಗೆ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ಕುದಿಯುವ ಎಣ್ಣೆಯನ್ನು ಮುಖಕ್ಕೆ ಸಿಡಿಸುತ್ತದೆ. ಐಸನ್ನು ಹಿಟ್ಟಿನ ಪಾತ್ರೆಯ ಕೆಳಗೆ ಇನ್ನೊಂದು ಅಗಲ ಪಾತ್ರೆಯಲ್ಲಿಡಿ.